ನೀರಿನ ಸುಸ್ಥಿರ ನಿರ್ವಹಣೆ: ವಿಚಾರ ಸಂಕಿರಣದ ಆಶಯ ನುಡಿ

ಮಾನ್ಯ ಪ್ರಾಂಶುಪಾಲರೇ, ಗೋಷ್ಠಿಗಳನ್ನು ನಡೆಸಿಕೊಡಲು ಬಂದಿರುವ ಅತಿಥಿಗಳೇ, ಅಧ್ಯಾಪಕರೇ, ಸುತ್ತಲಿನ ಹಳ್ಳಿಗಳಿಂದ ಬಂದಿರುವ ರೈತ ಬಂಧುಗಳೇ, ಗೆಳೆಯ ಗೆಳತಿಯರೇ, ಎಲ್ಲರಿಗೂ ನಮಸ್ಕಾರ.

ವಿದ್ಯಾರ್ಥಿ ಸಂಘದ ಪರವಾಗಿ ಈ ದಿನದ ವಿಷಯವನ್ನು ನಿಮ್ಮ ಮುಂದಿಡುವ ಕೆಲಸ ನನ್ನದು. ನಾವಿರುವುದು ಕೋಲಾರ ಜಿಲ್ಲೆಯಲ್ಲಿ. ಪಾಲಾರ್ ನಮ್ಮಲ್ಲೇ ಹರಿದರೂ ಅದು ವರ್ಷವಿಡೀ ಹರಿಯುವ ಹೊಳೆಯಲ್ಲ. ಕುಡಿಯಲು, ಟೊಮೆಟೊಗೆ, ಹಿಪ್ಪುನೇರಳೆಗೆ, ಹಸುಗಳಿಗೆ ಎಲ್ಲಕ್ಕೂ ಕೊಳವೆ ಬಾವಿಯೇ ಗತಿ. ಮಳೆಯಿಂದ ನೆಲಕ್ಕೆ ಇಳಿಯುವುದಕ್ಕಿಂತ ನಾವು ಮೇಲೆತ್ತುವುದೇ ಹೆಚ್ಚು. ಕೇಂದ್ರ ಅಂತರ್ಜಲ ಮಂಡಳಿಯ ವಿಂಗಡಣೆಯಲ್ಲಿ ಈ ಜಿಲ್ಲೆ ಅತಿ ಬಳಕೆಯ ವರ್ಗದಲ್ಲಿ ಇರುವುದು ಅದಕ್ಕೇ. ನಮ್ಮ ಕೆಳಗಿರುವುದು ಗಟ್ಟಿ ಬಂಡೆ. ಮೇಲಿನ ಸವೆದ ಪದರದಲ್ಲೂ ಬಂಡೆಯ ಬಿರುಕುಗಳಲ್ಲೂ ಎಷ್ಟು ನೀರು ನಿಲ್ಲುತ್ತದೋ ಅಷ್ಟೇ. ಆಳಕ್ಕೆ ಹೋದಷ್ಟೂ ಬಂಡೆಯೊಡನೆ ಬಹುಕಾಲ ಬೆರೆತ ನೀರು ಸಿಗುತ್ತದೆ, ಅದರ ಜೊತೆಗೆ ಫ್ಲೋರೈಡೂ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ.

ಹಾಗಾಗಿ ಇವತ್ತಿನ ಪ್ರಶ್ನೆ ಒಂದೇ: ಇಳಿದಷ್ಟನ್ನೇ ಎತ್ತಿ ಬದುಕಲು ಆಗುತ್ತದೆಯೇ? ಇದನ್ನು ನಮ್ಮ ಕಾಲೇಜಿನ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ನಾವು 1,100 ವಿದ್ಯಾರ್ಥಿಗಳಿದ್ದೇವೆ. ಹಗಲು ಮಾತ್ರ ನಡೆಯುವ ಶಿಕ್ಷಣ ಸಂಸ್ಥೆಗಳಿಗೆ ತಲೆಗೆ ದಿನಕ್ಕೆ 45 ಲೀಟರ್ ಎಂಬ ಮಾನದಂಡವಿದೆ. ಅಲ್ಲಿಗೆ ದಿನಕ್ಕೆ 49,500 ಲೀಟರ್. ಇನ್ನು ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಎರಡು ಕಟ್ಟಡಗಳ ತಾರಸಿ ಸೇರಿ 2,000 ಚದರ ಮೀಟರ್. ವರ್ಷದ ಮಳೆ ಸುಮಾರು 750 ಮಿ.ಮೀ. ಎಂದಿಟ್ಟುಕೊಂಡು, ಆವಿಯಾಗುವುದು, ಸಿಡಿದು ಹೋಗುವುದು, ಸಿಮೆಂಟು ಹೀರುವುದು ಎಂದು ಐದರಲ್ಲೊಂದು ಪಾಲು ಕಳೆದರೆ 12 ಲಕ್ಷ ಲೀಟರ್ ಉಳಿಯುತ್ತದೆ. ಕೇಳಲು ದೊಡ್ಡ ಸಂಖ್ಯೆ. ಆದರೆ ನಮ್ಮ ಬಳಕೆಗೆ ಅದು ಬರೀ 24 ದಿನದ ನೀರು. ಮಳೆಕೊಯ್ಲು ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಭಾಷಣ ಮಾಡುವವರು ಈ ಭಾಗಾಕಾರವನ್ನು ಸಾಮಾನ್ಯವಾಗಿ ಮಾಡಿರುವುದಿಲ್ಲ.

ಹಾಗೆಂದು ಅದನ್ನು ಬಿಡುವಂತೆಯೂ ಇಲ್ಲ. ಕೆಡುವುದೆಲ್ಲಿ ಎಂದು ತಿಳಿದು ಮಾಡಬೇಕು. ಮೊದಲ ಮಳೆ ತಾರಸಿಯ ದೂಳು, ಹಕ್ಕಿ ಹಿಕ್ಕೆ, ಎಲೆ ಎಲ್ಲವನ್ನೂ ತೊಳೆದು ತರುತ್ತದೆ. ಕಡಿಮೆಯೆಂದರೂ ಮೊದಲ ಒಂದು ಮಿ.ಮೀ.ನ ನೀರನ್ನು, ಅಂದರೆ ನಮ್ಮ ತಾರಸಿಯಿಂದ ಎರಡು ಸಾವಿರ ಲೀಟರಿನಷ್ಟನ್ನು, ಬೇರೆ ಪೈಪಿಗೆ ತಿರುಗಿಸಿ ಹೊರಬಿಡಬೇಕು. ಆ ಪೈಪಿನ ತುದಿಯ ಮುಚ್ಚಳವನ್ನು ಮಳೆ ನಿಂತ ಮೇಲೆ ಯಾರೂ ಬಿಚ್ಚದಿದ್ದರೆ ಅದು ತುಂಬಿಕೊಂಡೇ ಇರುತ್ತದೆ. ಮುಂದಿನ ಮಳೆಯ ಕೊಳೆ ನೇರ ಸಂಪಿಗೆ ಹೋಗುತ್ತದೆ. ಮುಚ್ಚಳದಲ್ಲಿ ಸಣ್ಣ ತೂತಿಟ್ಟರೆ ತಾನಾಗಿ ಸೋರಿ ಖಾಲಿಯಾಗುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಎಷ್ಟೋ ಘಟಕಗಳು ಹಾಳಾಗಿವೆ.

ಎರಡನೆಯದು ಜೋರು ಮಳೆ. ಒಂದು ಗಂಟೆಯಲ್ಲಿ 50 ಮಿ.ಮೀ. ಸುರಿದರೆ ಈ ತಾರಸಿಯಿಂದ 80 ಸಾವಿರ ಲೀಟರ್ ಇಳಿಯುತ್ತದೆ. ನಮ್ಮ ಸಂಪು ಹಿಡಿಯುವುದು 20 ಸಾವಿರ. ಮನೆಗೆ ಹಾಕುವ ಪುಟ್ಟ ಫಿಲ್ಟರು ಅಷ್ಟು ನೀರನ್ನು ಸೋಸಲಾರದೆ ಮೇಲಿಂದ ಚೆಲ್ಲುತ್ತದೆ. ಆದ್ದರಿಂದ ಸಂಪಿನಿಂದ ಹೆಚ್ಚಾದ ನೀರು ಇಂಗುಗುಂಡಿಗೆ ಹೋಗುವಂತೆ ಮೊದಲೇ ಪೈಪು ಹಾಕಿರಬೇಕು. ಗುಂಡಿಯ ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ 40 ಮಿ.ಮೀ. ಜಲ್ಲಿ, ಆಮೇಲೆ 20 ಮಿ.ಮೀ. ಜಲ್ಲಿ, ಎಲ್ಲಕ್ಕೂ ಮೇಲೆ ದಪ್ಪ ಮರಳು. ಹೂಳು ಕಟ್ಟುವುದು ಆ ಮರಳಿನ ಪದರದಲ್ಲಿ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುನ್ನ, ಮೇಲಿನ ಮರಳನ್ನು ತೆಗೆದು ತೊಳೆದು ಹಾಕದಿದ್ದರೆ ಮೂರನೇ ವರ್ಷಕ್ಕೆ ಅದು ಸೊಳ್ಳೆ ಸಾಕುವ ಗುಂಡಿ. ಕೊಳವೆ ಬಾವಿಯ ಕೇಸಿಂಗಿಗೇ ತೂತು ಕೊರೆದು ನೀರಿಳಿಸುವವರು ಇನ್ನೂ ಹುಷಾರಾಗಿರಬೇಕು. ಪಾರ್ಕಿಂಗ್ ಜಾಗದ ಎಣ್ಣೆ ನೀರೋ ಗೊಬ್ಬರ ಹಾಕಿದ ಹೊಲದ ನೀರೋ ಅಲ್ಲಿ ಇಳಿದರೆ ಮಣ್ಣಿನ ಸೋಸುವಿಕೆಯೇ ಇಲ್ಲದೆ ಬಂಡೆಯ ಬಿರುಕು ಸೇರುತ್ತದೆ. ಒಮ್ಮೆ ಸೇರಿದ್ದನ್ನು ತೆಗೆಯುವ ದಾರಿಯಿಲ್ಲ.

ಉಳಿದ ಪಾಲು ಬರಬೇಕಿರುವುದು ಬಳಕೆಯಿಂದ. ತಲೆಗೆ 45 ಲೀಟರಿನಲ್ಲಿ 20 ಲೀಟರ್ ಶೌಚಾಲಯದ ಫ್ಲಶ್ಶಿನದು ಎಂಬುದು ಲೆಕ್ಕಾಚಾರದ ರೂಢಿ. ಅಂದರೆ ದಿನಕ್ಕೆ 22 ಸಾವಿರ ಲೀಟರ್ ಒಳ್ಳೆಯ ನೀರನ್ನು ಚರಂಡಿಗೆ ಸುರಿಯುತ್ತಿದ್ದೇವೆ. ಕೈ ತೊಳೆದ ನೀರನ್ನು ಸೋಸಿ ಅಲ್ಲಿಗೆ ತಿರುಗಿಸಬಹುದು. ಕುಡಿಯುವ ನೀರಿನ ಆರ್‌ಓ ಯಂತ್ರ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ, ಅದನ್ನೂ ಅಲ್ಲಿಗೇ ಬಿಡಬಹುದು, ನೆಲ ಒರೆಸಲೂ ಬಳಸಬಹುದು. ಗಿಡಗಳಿಗೆ ಮಾತ್ರ ದಿನಾ ಹಾಕಬೇಡಿ, ಉಪ್ಪಿನಂಶ ಮಣ್ಣಿನಲ್ಲಿ ಕೂರುತ್ತದೆ.

ಹೊಲದ ಮಾತಿಗೆ ಬಂದರೆ, ಹನಿ ನೀರಾವರಿ ನಮ್ಮಲ್ಲಿ ಹೊಸತೇನಲ್ಲ. ಗಂಟೆಗೆ 2 ಅಥವಾ 4 ಲೀಟರ್ ಬಿಡುವ ಡ್ರಿಪ್ಪರುಗಳು ನಮ್ಮ ಗಡಸು ನೀರಿಗೆ ಕಟ್ಟಿಕೊಳ್ಳುತ್ತವೆ. ಲ್ಯಾಟರಲ್ ಪೈಪಿನ ತುದಿ ಬಿಚ್ಚಿ ತೊಳೆಯುವುದು, ಆಗಾಗ ಆಸಿಡ್ ಉಪಚಾರ ಕೊಡುವುದು ತಪ್ಪಿದರೆ ಕೊನೆಯ ಸಾಲು ಒಣಗುತ್ತದೆ. ಆದರೆ ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಬೇರೆ. ಉಳಿದ ನೀರಿಗೆ ಇನ್ನೊಂದೆಕರೆ ಸೇರಿಸಿದರೆ ಗಿಡದ ಲೆಕ್ಕದಲ್ಲಿ ಉಳಿತಾಯ, ನೆಲದ ಲೆಕ್ಕದಲ್ಲಿ ಸೊನ್ನೆ. ಎರಡನೇ ಗೋಷ್ಠಿಯಲ್ಲಿ ರೈತರು ಇದಕ್ಕೆ ಉತ್ತರ ಕೊಡಲಿ, ನಮ್ಮನ್ನು ಒಪ್ಪದಿದ್ದರೂ ಸರಿ.

ಕೆರೆಗಳ ಬಗ್ಗೆ ಎರಡು ಮಾತು. ಹೂಳೆತ್ತುವುದು ಎಂದರೆ ಜೆಸಿಬಿ ತಂದು ಆಳ ಅಗೆಯುವುದಲ್ಲ. ತಳದ ಜೇಡಿಯನ್ನು ಮನಬಂದಂತೆ ಕಿತ್ತರೆ, ಏರಿಯ ಬುಡಕ್ಕೆ ಅಗೆದರೆ, ಏರಿಯೇ ಕುಸಿಯಬಹುದು. ಹೂಳೆತ್ತಿ ರಾಜಕಾಲುವೆಯ ಒತ್ತುವರಿ ಬಿಡಿಸದಿದ್ದರೆ ಕೆರೆಗೆ ನೀರು ಬರುವುದೆಲ್ಲಿಂದ? ತೂಬು ಎತ್ತಿ ಇಳಿಸುತ್ತಿದ್ದ, ಕೋಡಿಯ ಮೇಲೆ ಕಣ್ಣಿಟ್ಟಿದ್ದ ನೀರಗಂಟಿಯ ಕೆಲಸವನ್ನು ಈಗ ಯಾರು ಮಾಡಬೇಕು ಎಂಬುದನ್ನೂ ಚರ್ಚಿಸಬೇಕು.

ಕೆ.ಸಿ. ವ್ಯಾಲಿ ಬಿಟ್ಟು ಇಲ್ಲಿ ಯಾರೂ ನೀರಿನ ಮಾತಾಡಲಾರರು. 2018ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಶುರುವಾದ ಈ ಯೋಜನೆಯ ಗುರಿ ಬೆಂಗಳೂರಿನ ಸಂಸ್ಕರಿತ ನೀರನ್ನು ದಿನಕ್ಕೆ 44 ಕೋಟಿ ಲೀಟರಿನಷ್ಟು ತರುವುದು. ಬತ್ತಿದ ಕೆರೆಗಳು ತುಂಬಿದವು, ಬಾವಿಗಳಲ್ಲಿ ನೀರು ಕಂಡಿತು, ಅದು ನಿಜ. ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರಿದು ಎಂಬುದೂ ನಿಜ. ಅದರಲ್ಲಿ ಉಳಿಯುವ ಸಾರಜನಕ, ರಂಜಕಗಳಿಂದ ಕಳೆ ಹಬ್ಬುತ್ತದೆ. ಕೆರೆಯ ಪಕ್ಕದ ಬಾವಿಗಳಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಒಳಗಿದೆಯೇ, ಭಾರಲೋಹಗಳಿವೆಯೇ ಎಂದು ಬಿಡದೆ ಪರೀಕ್ಷಿಸುತ್ತಿರಬೇಕು. ಪರವೋ ವಿರೋಧವೋ ಎಂದು ಕೂಗಾಡುವ ಬದಲು ಮೂರನೇ ಗೋಷ್ಠಿಯಲ್ಲಿ ಪರೀಕ್ಷೆಯ ಅಂಕಿಗಳನ್ನೇ ಮುಂದಿಟ್ಟು ಮಾತಾಡೋಣ.

ಮಧ್ಯಾಹ್ನದ ಊಟದ ಬಳಿಕ ಎರಡೂವರೆಗೆ ಎನ್‌ಎಸ್‌ಎಸ್ ಗೆಳೆಯರು ನಿಮ್ಮನ್ನು ಇಂಗುಗುಂಡಿಯ ಹತ್ತಿರ ಕರೆದೊಯ್ದು ಪದರಗಳನ್ನು ತೆಗೆದು ತೋರಿಸುತ್ತಾರೆ. ನಿಮ್ಮೂರ ಕೊಳವೆ ಬಾವಿಯ ನೀರನ್ನು ಬಾಟಲಿಯಲ್ಲಿ ತಂದವರು ಅದರ ಮೇಲೆ ಊರು, ಆಳ, ತುಂಬಿದ ದಿನಾಂಕ ಬರೆದು ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕೊಡಿ, ಸಂಜೆಯೊಳಗೆ ಫ್ಲೋರೈಡ್ ಮತ್ತು ಗಡಸುತನ ನೋಡಿ ಹೇಳುತ್ತೇವೆ. ಈಗ ಮೊದಲ ಗೋಷ್ಠಿಗಾಗಿ ಭೂವಿಜ್ಞಾನ ವಿಭಾಗದ ಮುಖ್ಯಸ್ಥರು ವೇದಿಕೆಗೆ ಬರಬೇಕೆಂದು ಕೋರುತ್ತೇನೆ.