ಅಸೈನ್‌ಮೆಂಟ್ 3: ಗಾಣದ ಶಾಫ್ಟ್‌ನಲ್ಲಿ ಪ್ರಿನ್ಸಿಪಲ್ ಸ್ಟ್ರೆಸ್, ಮೋರ್ ವೃತ್ತದಿಂದ

ಪ್ರಶ್ನೆ: ಆಲೆಮನೆಯ ಗಾಣಕ್ಕೆ ಬೆಲ್ಟ್ ಮೂಲಕ ಶಕ್ತಿ ಸಾಗಿಸುವ ಉಕ್ಕಿನ ಶಾಫ್ಟ್ ಇದೆ. ಟೊಳ್ಳಿಲ್ಲ, ವ್ಯಾಸ 40 ಮಿ.ಮೀ. ಕೊನೆಯ ಬೇರಿಂಗ್‌ನಿಂದ 150 ಮಿ.ಮೀ. ಆಚೆ ಪುಲ್ಲಿ ಕೂತಿದೆ. ಬೆಲ್ಟ್ ಅದನ್ನು ಒಟ್ಟು 2 ಕಿಲೋನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಶಾಫ್ಟ್‌ನ ಟಾರ್ಕ್ 400 ನ್ಯೂಟನ್-ಮೀಟರ್. ಉಕ್ಕಿನ ಈಲ್ಡ್ ಸ್ಟ್ರೆಸ್ 250 ಮೆಗಾಪಾಸ್ಕಲ್. ಬೇರಿಂಗ್ ಹತ್ತಿರ, ಶಾಫ್ಟ್‌ನ ಮೇಲ್ತುದಿಯ ಬಿಂದುವಿನಲ್ಲಿ ಪ್ರಿನ್ಸಿಪಲ್ ಸ್ಟ್ರೆಸ್ ಮತ್ತು ಅವುಗಳ ದಿಕ್ಕು ಕಂಡುಹಿಡಿಯಿರಿ.

ಉತ್ತರ:

ಮೊದಲು ಆ ಬಿಂದುವಿನಲ್ಲಿ ಏನೇನಿದೆ ನೋಡೋಣ. ಪುಲ್ಲಿ ಕೆಳಕ್ಕೆ ಎಳೆಯುವುದರಿಂದ ಶಾಫ್ಟ್‌ನ ಮೇಲ್ಭಾಗ ಹಿಗ್ಗುತ್ತದೆ. ಹಾಗಾಗಿ ಬೆಂಡಿಂಗ್ ಸ್ಟ್ರೆಸ್ ಅಲ್ಲಿ ಟೆನ್ಶನ್. ಬೆಲ್ಟ್ ಎಳೆತದ ಅಡ್ಡ ಬಲದಿಂದ ಬರುವ ಶಿಯರ್ ಮೇಲ್ತುದಿಯಲ್ಲಿ ಸೊನ್ನೆ. ಅಲ್ಲಿರುವ ಶಿಯರ್ ಎಲ್ಲ ಟಾರ್ಕ್‌ನದೇ. x ಅಕ್ಷ ಶಾಫ್ಟ್‌ನ ಉದ್ದಕ್ಕೆ, y ಅಕ್ಷ ಸುತ್ತಳತೆಯ ದಿಕ್ಕಿಗೆ ಇಟ್ಟುಕೊಂಡಿದ್ದೇನೆ. ಟಾರ್ಕ್ ತಿರುಗುವ ದಿಕ್ಕಿಗೆ τxy ಧನ ಬರುತ್ತದೆ ಎಂದು ತೆಗೆದುಕೊಂಡಿದ್ದೇನೆ.

```
M   = 2000 × 150 = 300000 N·mm
T   = 400000 N·mm
σx  = 32M/(πd³) = 47.75 MPa
σy  = 0
τxy = 16T/(πd³) = 31.83 MPa
```

ಇನ್ನು ವೃತ್ತ. ಗ್ರಾಫ್ ಹಾಳೆಯಲ್ಲಿ 1 ಸೆಂ.ಮೀ.ಗೆ 10 ಮೆಗಾಪಾಸ್ಕಲ್ ಅಳತೆ. σ ಬಲಕ್ಕೆ ಧನ, τ ಕೆಳಕ್ಕೆ ಧನ. τ ಯಾಕೆ ಕೆಳಕ್ಕೆ? ಹಾಗೆ ಇಟ್ಟರೆ ವೃತ್ತದಲ್ಲಿ ನಾವು ತಿರುಗುವ ದಿಕ್ಕೂ ನಿಜವಾದ ತುಣುಕು ತಿರುಗುವ ದಿಕ್ಕೂ ಒಂದೇ ಆಗುತ್ತವೆ. ಮೇಲಕ್ಕೆ ಇಟ್ಟರೂ ಬೆಲೆಗಳು ಬದಲಾಗುವುದಿಲ್ಲ, ಆದರೆ ದಿಕ್ಕು ಉಲ್ಟಾ ಹೊಡೆಯುತ್ತದೆ.

x ಮುಖಕ್ಕೆ ಬಿಂದು A (47.75, 31.83), y ಮುಖಕ್ಕೆ ಬಿಂದು B (0, −31.83). ಎರಡನ್ನೂ ಗೆರೆಯಿಂದ ಸೇರಿಸಿದೆ. ಆ ಗೆರೆ σ ಅಕ್ಷವನ್ನು ಕತ್ತರಿಸಿದ ಜಾಗವೇ ಕೇಂದ್ರ C. CA ತ್ರಿಜ್ಯ.

```
C  = (47.75 + 0)/2 = 23.87 MPa
R  = √(23.87² + 31.83²) = 39.79 MPa
σ1 = C + R =  63.66 MPa
σ2 = C − R = −15.92 MPa
```

ಬಾಹು 3 ಮತ್ತು 4 ಇದ್ದರೆ ಕರ್ಣ 5 ಅಲ್ವಾ, ಇದು ಅದೇ ತ್ರಿಕೋನ. ಗ್ರಾಫ್ ಮೇಲೆ ಸ್ಕೇಲಿಟ್ಟು ಅಳೆದಾಗ ಬಲತುದಿ 6.4 ಸೆಂ.ಮೀ., ಎಡತುದಿ −1.6 ಸೆಂ.ಮೀ. ಸಿಕ್ಕಿತು. ಅಂದರೆ 64 ಮತ್ತು −16. ಪೆನ್ಸಿಲ್ಲಿನಿಂದ ಇಷ್ಟು ಹತ್ತಿರ ಬಂದಿದ್ದು ನೋಡಿ ನಿಜಕ್ಕೂ ಖುಷಿಯಾಯಿತು. ಒಟ್ಟೊ ಮೋರ್ ಈ ವೃತ್ತವನ್ನು 1882ರಲ್ಲಿ ಕೊಟ್ಟಾಗ ಎಂಜಿನಿಯರ್‌ಗಳು ಹೀಗೇ ಕೈಯಲ್ಲೇ ಎಳೆದು ಅಳೆಯುತ್ತಿದ್ದರು.

ದಿಕ್ಕು: A ಬಿಂದು ಅಕ್ಷದ ಕೆಳಗಿದೆ. ಅಲ್ಲಿಂದ ಗಡಿಯಾರಕ್ಕೆ ಎದುರಾಗಿ ತಿರುಗಿದರೆ σ1 ಸಿಗುತ್ತದೆ.

```
tan 2θ = 2τxy/(σx − σy) = 63.66/47.75 = 1.333
2θ = 53.13°
θ  = 26.57°
```

ಮೊದಲ ಸಲ ನಾನು ಶಾಫ್ಟ್‌ನ ಚಿತ್ರದ ಮೇಲೂ 53.13° ಎಂದೇ ಗುರುತು ಮಾಡಿದ್ದೆ. ಅದು ತಪ್ಪು. ತುಣುಕು 180° ತಿರುಗಿದರೆ ಮತ್ತೆ ಅದೇ ಮುಖ ಬರುತ್ತದೆ, ಅಷ್ಟರಲ್ಲಿ ವೃತ್ತದಲ್ಲಿ ಪೂರ್ತಿ 360° ಸುತ್ತಾಗಿರುತ್ತದೆ. ಅದಕ್ಕೇ ವೃತ್ತದ ಕೋನದಲ್ಲಿ ಅರ್ಧ ತೆಗೆದುಕೊಳ್ಳಬೇಕು. ತಪ್ಪು ಗೊತ್ತಾಗಿದ್ದು ಸಮೀಕರಣದಲ್ಲಿ ಹಾಕಿ ನೋಡಿದಾಗ. ಸರಿಯಾದ ಕೋನದಲ್ಲಿ ಶಿಯರ್ ಸೊನ್ನೆ ಬರಲೇಬೇಕು:

```
θ = 26.57° ಇದ್ದಾಗ
σ = 23.87 + 23.87(0.6) + 31.83(0.8) = 63.66 MPa
τ = −23.87(0.8) + 31.83(0.6) = 0
```

ಬಂತು. σ1 ಮತ್ತು σ2 ಕೂಡಿದರೆ σx ಸಿಗುತ್ತದೆ, ಅದೂ ಸರಿಯಿದೆ. σ2 ದಿಕ್ಕು ಇದಕ್ಕೆ ಲಂಬ, 116.57°.

ಮೂರನೇ ಪ್ರಿನ್ಸಿಪಲ್ ಸ್ಟ್ರೆಸ್ ಮರೆಯಬಾರದು. ಶಾಫ್ಟ್‌ನ ಹೊರಮೈ ಮೇಲೆ ಏನೂ ಒತ್ತುತ್ತಿಲ್ಲ, ಹಾಗಾಗಿ ಅದು ಸೊನ್ನೆ. ಇಲ್ಲಿ ಸೊನ್ನೆ 63.66 ಮತ್ತು −15.92ರ ನಡುವೆ ಬೀಳುತ್ತದೆ. ಆದ್ದರಿಂದ ಅತಿ ಜಾಸ್ತಿ ಶಿಯರ್ R ಬೆಲೆಯೇ, 39.79. ಎರಡೂ ಧನವಾಗಿದ್ದರೆ ಹಾಗೆ ಹೇಳಲು ಬರುತ್ತಿರಲಿಲ್ಲ, ಇನ್ನೂ ದೊಡ್ಡ ವೃತ್ತ ಎಳೆಯಬೇಕಾಗುತ್ತಿತ್ತು. ಗರಿಷ್ಠ ಶಿಯರ್ ಸಿದ್ಧಾಂತದ ಪ್ರಕಾರ ಈ ಉಕ್ಕು 125 ಮೆಗಾಪಾಸ್ಕಲ್ ಶಿಯರ್ ತಡೆಯುತ್ತದೆ. ಸುರಕ್ಷತಾ ಅಂಶ 125/39.79, ಅಂದರೆ 3.14.

ಪ್ರಶ್ನೆಯಲ್ಲಿ ಕೇಳಿಲ್ಲ, ಆದರೂ ಇನ್ನೊಂದು ವೃತ್ತ ಚುಕ್ಕಿ ಗೆರೆಯಲ್ಲಿ ಎಳೆದಿದ್ದೇನೆ. ಶಾಫ್ಟ್ ಸುಮ್ನೆ ನಿಂತಿರುವುದಿಲ್ಲವಲ್ಲ. ಅರ್ಧ ಸುತ್ತಿಗೆ ಅದೇ ಬಿಂದು ಕೆಳಗೆ ಬರುತ್ತದೆ, ಬೆಂಡಿಂಗ್ ಸ್ಟ್ರೆಸ್ −47.75 ಆಗುತ್ತದೆ. ಟಾರ್ಕ್‌ನ ಶಿಯರ್ ಹಾಗೇ ಇರುತ್ತದೆ. ತ್ರಿಜ್ಯ ಅದೇ, ಕೇಂದ್ರ ಮಾತ್ರ −23.87ಕ್ಕೆ ಸರಿಯುತ್ತದೆ. ಆಗ σ1 = 15.92, σ2 = −63.66, σ1ರ ದಿಕ್ಕು 63.43°. ಅಂದರೆ ಒಂದೊಂದು ಸುತ್ತಿನಲ್ಲೂ ಟೆನ್ಶನ್ 63.66ರಿಂದ 15.92ಕ್ಕೆ ಇಳಿದು ಮತ್ತೆ ಏರುತ್ತದೆ, ಅದರ ದಿಕ್ಕೂ 26.57°ಯಿಂದ 63.43°ಗೆ ವಾಲಿ ವಾಪಸ್ ಬರುತ್ತದೆ. ಮೇಲಿನ 3.14ರಲ್ಲಿ ಈ ಏರಿಳಿತದಿಂದಾಗುವ ಫೆಟೀಗ್ ಲೆಕ್ಕಕ್ಕೆ ಬಂದಿಲ್ಲ.