ನಗದು ಹರಿವಿನ ತಃಖ್ತೆ: 31 ಮಾರ್ಚ್ 2025ಕ್ಕೆ ಮುಗಿದ ವರ್ಷ (ಪರೋಕ್ಷ ವಿಧಾನ)

ಕಾರ್ಕಳದ ನಮ್ಮ ಗೇರುಬೀಜ ಘಟಕದ ನಿರ್ದೇಶಕರಿಗೆ,

ಈ ವರ್ಷ ತೆರಿಗೆಗೆ ಮುಂಚಿನ ಲಾಭ 62 ಲಕ್ಷ ರೂಪಾಯಿ. "ಹಾಗಾದರೆ ಬ್ಯಾಂಕಿನಲ್ಲಿ ಕಾಸು ಎಲ್ಲಿ?" ಎಂದು ಕಳೆದ ಸಭೆಯಲ್ಲಿ ನೀವು ಮೂವರೂ ಕೇಳಿದ್ದಿರಿ. ಉತ್ತರ ಈ ತಃಖ್ತೆಯಲ್ಲಿದೆ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 2(40) ಪ್ರಕಾರ ನಮ್ಮಂಥ ಸಣ್ಣ ಕಂಪನಿಗೆ ಇದು ಕಡ್ಡಾಯವೇನಲ್ಲ. ಆದರೆ ಕ್ಯಾಶ್ ಕ್ರೆಡಿಟ್ ನವೀಕರಣಕ್ಕೆ ಬ್ಯಾಂಕ್ ಕೇಳಿದೆ. ಹಾಗಾಗಿ ಲೆಕ್ಕಪತ್ರ ಮಾನದಂಡ 3ರ (ಎಎಸ್ 3) ರೀತಿಯಲ್ಲೇ ಮಾಡಿದ್ದೇನೆ. ಮೊತ್ತಗಳೆಲ್ಲ ಲಕ್ಷ ರೂಪಾಯಿಗಳಲ್ಲಿ. ಕಂಸದೊಳಗಿನದು ಕಳೆಯುವ ಮೊತ್ತ.

| ವಿವರ | ₹ ಲಕ್ಷ |
|---|---:|
| ಅ. ವ್ಯವಹಾರದ ಚಟುವಟಿಕೆಗಳು | |
| ತೆರಿಗೆಗೆ ಮುಂಚಿನ ನಿವ್ವಳ ಲಾಭ | 62.00 |
| ಸವಕಳಿ | 24.60 |
| ಸಾಲದ ಮೇಲಿನ ಬಡ್ಡಿ | 17.80 |
| ಮುಳುಗಬಹುದಾದ ಬಾಕಿಗೆ ತೆಗೆದಿಟ್ಟದ್ದು | 3.20 |
| ಗ್ರಾಚ್ಯುಟಿಗೆ ತೆಗೆದಿಟ್ಟದ್ದು | 2.40 |
| ಹಳೆಯ ಬಾಯ್ಲರ್ ಮಾರಿದ ಲಾಭ | (2.10) |
| ಠೇವಣಿಯ ಬಡ್ಡಿ | (1.30) |
| ದುಡಿಯುವ ಬಂಡವಾಳದ ಬದಲಾವಣೆಗೆ ಮುಂಚಿನ ಲಾಭ | 106.60 |
| ದಾಸ್ತಾನು ಹೆಚ್ಚಳ | (76.60) |
| ಗಿರಾಕಿಗಳಿಂದ ಬರಬೇಕಾದ ಬಾಕಿ ಹೆಚ್ಚಳ | (38.70) |
| ಮುಂಗಡ ಮತ್ತು ಜಿಎಸ್‌ಟಿ ಕ್ರೆಡಿಟ್ ಹೆಚ್ಚಳ | (5.50) |
| ಮಾಲಿಗೆ ಕೊಡಬೇಕಾದ ಬಾಕಿ ಹೆಚ್ಚಳ | 26.80 |
| ಕೊಡಬೇಕಾದ ಇತರ ಖರ್ಚು ಹೆಚ್ಚಳ | 1.80 |
| ವ್ಯವಹಾರದಿಂದ ಬಂದ ನಗದು | 14.40 |
| ಕಟ್ಟಿದ ಆದಾಯ ತೆರಿಗೆ | (13.40) |
| ವ್ಯವಹಾರದ ನಿವ್ವಳ ನಗದು (ಅ) | 1.00 |
| ಆ. ಹೂಡಿಕೆಯ ಚಟುವಟಿಕೆಗಳು | |
| ಯಂತ್ರಕ್ಕೆ ಕೊಟ್ಟ ಹಣ | (40.00) |
| ಹಳೆಯ ಬಾಯ್ಲರ್ ಮಾರಿ ಬಂದದ್ದು | 5.60 |
| ಠೇವಣಿಯಿಂದ ಬಂದ ಬಡ್ಡಿ | 1.30 |
| ಹೂಡಿಕೆಯ ನಿವ್ವಳ ನಗದು (ಆ) | (33.10) |
| ಇ. ಹಣಕಾಸಿನ ಚಟುವಟಿಕೆಗಳು | |
| ಹೊಸ ಅವಧಿ ಸಾಲ | 32.00 |
| ಅವಧಿ ಸಾಲ ತೀರಿಸಿದ್ದು | (18.00) |
| ಕ್ಯಾಶ್ ಕ್ರೆಡಿಟ್ ಬಳಕೆ ಹೆಚ್ಚಳ | 38.00 |
| ಕಟ್ಟಿದ ಬಡ್ಡಿ | (17.80) |
| ಹಣಕಾಸಿನ ನಿವ್ವಳ ನಗದು (ಇ) | 34.20 |
| ವರ್ಷದ ನಿವ್ವಳ ಹೆಚ್ಚಳ (ಅ+ಆ+ಇ) | 2.10 |
| 1 ಏಪ್ರಿಲ್ 2024ರ ನಗದು ಮತ್ತು ಬ್ಯಾಂಕ್ ಶಿಲ್ಕು | 9.30 |
| 31 ಮಾರ್ಚ್ 2025ರ ನಗದು ಮತ್ತು ಬ್ಯಾಂಕ್ ಶಿಲ್ಕು | 11.40 |

ಲಾಭ 62 ಲಕ್ಷ, ವ್ಯವಹಾರದಿಂದ ಕೈಗೆ ಉಳಿದ ನಗದು 1 ಲಕ್ಷ. ನೋಡಿದರೆ ಗಾಬರಿಯಾಗುತ್ತದೆ, ಅಲ್ವಾ? ಹಾಗಾಗಿ ಒಂದೊಂದು ಸಾಲಿನ ಹಿಂದೆ ಏನಿದೆ ಎಂದು ಹೇಳುತ್ತೇನೆ.

ಮೊದಲು ನಗದು ಮುಟ್ಟದ ಬಾಬುಗಳು. ಸವಕಳಿ 24.60 ಲಕ್ಷ ಲಾಭ-ನಷ್ಟದಲ್ಲಿ ಖರ್ಚಾಗಿದೆ, ಆದರೆ ಯಾರಿಗೂ ಆ ಹಣ ಕೊಟ್ಟಿಲ್ಲ. ಬೋರ್ಮಾಗೂ ಕಟಿಂಗ್ ಯಂತ್ರಕ್ಕೂ ಅವನ್ನು ಕೊಂಡ ದಿನವೇ ದುಡ್ಡು ಹೋಗಿತ್ತು. ಆದ್ದರಿಂದ ಅದನ್ನು ಲಾಭಕ್ಕೆ ಮತ್ತೆ ಸೇರಿಸಿದೆ. ಹಾಗಂತ ಸವಕಳಿಯೇ ಕಾಸು ತಂದುಕೊಟ್ಟಿತು ಎಂದುಕೊಳ್ಳಬೇಡಿ. ಕಳೆದದ್ದನ್ನು ವಾಪಸ್ ಹಾಕಿದ್ದು ಅಷ್ಟೇ. ಗ್ರಾಚ್ಯುಟಿಯದ್ದೂ ಅದೇ ಕಥೆ.

ಬಾಯ್ಲರ್ ವಿಷಯ ಉಲ್ಟಾ. ಪುಸ್ತಕದ ಬೆಲೆ 3.50 ಲಕ್ಷ, ಮಾರಿದ್ದು 5.60ಕ್ಕೆ. 2.10 ಲಕ್ಷ ಲಾಭ ಮೇಲಿನ 62ರಲ್ಲೇ ಕೂತಿದೆ. ಪೂರ್ತಿ 5.60 ಹೂಡಿಕೆಯ ಭಾಗದಲ್ಲಿ ಬರುವುದರಿಂದ ಆ 2.10 ಇಲ್ಲಿ ಕಳೆಯಲೇಬೇಕು. ಇಲ್ಲದಿದ್ದರೆ ಎರಡು ಸಲ ಎಣಿಸಿದಂತಾಗುತ್ತದೆ. ಬಡ್ಡಿಯನ್ನೂ ಹೀಗೇ ಜಾಗ ಬದಲಿಸಿದ್ದೇನೆ: ನಮ್ಮಂಥ ತಯಾರಿಕಾ ಘಟಕದಲ್ಲಿ ಕಟ್ಟಿದ ಬಡ್ಡಿ ಹಣಕಾಸಿನ ಭಾಗಕ್ಕೆ, ಬಂದ ಬಡ್ಡಿ ಹೂಡಿಕೆಯ ಭಾಗಕ್ಕೆ.

ನಿಜವಾದ ಕಥೆ ಇರುವುದು ದಾಸ್ತಾನಿನಲ್ಲಿ. ನಮ್ಮ ಕಡೆ ಗೇರುಬೀಜ ಬರುವುದು ಫೆಬ್ರವರಿಯಿಂದ ಮೇ ತನಕ. ಲೆಕ್ಕ ಮುಚ್ಚುವುದು ಸರಿಯಾಗಿ ಅದರ ನಡುವೆ, ಮಾರ್ಚ್ 31ಕ್ಕೆ. ಹೋದ ವರ್ಷ ದೊಡ್ಡ ಖರೀದಿ ಏಪ್ರಿಲ್‌ನಲ್ಲಿ ಆಗಿತ್ತು. ಈ ಸಲ ಬೆಲೆ ಏರೀತು ಎಂದು ಮಾರ್ಚ್‌ನ ಕೊನೆಯ ಹದಿನೈದು ದಿನದಲ್ಲೇ ಎತ್ತಿಕೊಂಡೆವು. ದಾಸ್ತಾನು 142.00ರಿಂದ 218.60ಕ್ಕೆ ಹೋಯಿತು. ಇದು ನಷ್ಟವಲ್ಲ, ಗೋಡೌನಿನಲ್ಲಿ ಚೀಲದೊಳಗೆ ಕೂತಿರುವ ಕಾಸು. ಬ್ಯಾಂಕಿನವರಿಗೆ ಇದನ್ನು ಮೊದಲೇ ಹೇಳಿ. ಅವರು ಕೇಳಿದ ಮೇಲೆ ಹೇಳಿದರೆ ಸಬೂಬಿನಂತೆ ಕೇಳಿಸುತ್ತದೆ.

ಗಿರಾಕಿಗಳ ಬಾಕಿ ಬೇರೆ ಮಾತು. ಅದಕ್ಕೆ ಋತುವಿನ ನೆಪವಿಲ್ಲ. ತಿರುಳು ಕೊಂಡ ಇಬ್ಬರು ಸಗಟು ವ್ಯಾಪಾರಿಗಳು 45 ದಿನದ ಮಾತು ಕೊಟ್ಟು ಮೂರು ತಿಂಗಳು ಎಳೆದಿದ್ದಾರೆ. ಮಾರಾಟ ಬರೆದುಕೊಂಡೆವು, ಲಾಭವೂ ಬಂತು, ಹಣ ಬರಲಿಲ್ಲ. ಇನ್ನು ಒಂದು ಲೆಕ್ಕದ ವಿಚಾರ. ಆಸ್ತಿ-ಹೊಣೆ ಪಟ್ಟಿಯಲ್ಲಿ ಬಾಕಿ 96.40ರಿಂದ 131.90ಕ್ಕೆ ಏರಿದೆ, ಅಂದರೆ 35.50 ಮಾತ್ರ. ನಾನು 38.70 ಹಾಕಿದ್ದು ತಪ್ಪಲ್ಲ. ಮುಳುಗಬಹುದಾದ 3.20ನ್ನು ಮೇಲೆ ಆಗಲೇ ಕೂಡಿಸಿದ್ದೇವೆ. ಆದ್ದರಿಂದ ಇಲ್ಲಿ ಆ ಮೊತ್ತ ಕಳೆಯುವ ಮುಂಚಿನ ಬಾಕಿ, 135.10, ಹಿಡಿಯಬೇಕು.

ಕೊಡಬೇಕಾದ ಬಾಕಿಯಲ್ಲೂ ಇಂಥದ್ದೇ ಒಂದು ಎಡವು ಇದೆ. ಪಟ್ಟಿಯಲ್ಲಿ ಅದು 61.30ರಿಂದ 96.10ಕ್ಕೆ, ಅಂದರೆ 34.80 ಏರಿದೆ. ಅದರಲ್ಲಿ 8.00 ಲಕ್ಷ ಹೊಸ ಗ್ರೇಡಿಂಗ್ ಯಂತ್ರ ಕೊಟ್ಟವರದು, ಬೀಜದ ವ್ಯಾಪಾರಿಗಳದ್ದಲ್ಲ. ಹಾಗಾಗಿ ವ್ಯವಹಾರದ ಲೆಕ್ಕಕ್ಕೆ 26.80 ಮಾತ್ರ ತೆಗೆದುಕೊಂಡೆ. ಯಂತ್ರದ ಬೆಲೆ 48.00 ಆದರೂ ಕೈಯಿಂದ ಹೋದದ್ದು 40.00 ತೋರಿಸಿದ್ದೂ ಇದೇ ಕಾರಣಕ್ಕೆ. ಉಳಿದ 8.00 ಜುಲೈನಲ್ಲಿ ಕೊಟ್ಟಾಗ ಮುಂದಿನ ವರ್ಷದ ಹೂಡಿಕೆಯ ಭಾಗಕ್ಕೆ ಬರುತ್ತದೆ.

ತೆರಿಗೆ ಸರಳ. ಆರಂಭದ ಬಾಕಿ 3.00, ಈ ವರ್ಷದ ತೆರಿಗೆ 15.60, ಕೊನೆಗೆ ಉಳಿದದ್ದು 5.20. ನಡುವೆ ಕಟ್ಟಿದ್ದು 13.40.

ಬ್ಯಾಂಕಿಗೆ ಅಡವಿಟ್ಟ 20 ಲಕ್ಷದ ಠೇವಣಿ ನಗದಿನಲ್ಲಿ ಸೇರಿಲ್ಲ. ಅದರ ಅವಧಿ ಮೂರು ತಿಂಗಳಿಗಿಂತ ಜಾಸ್ತಿ, ಬೇಕೆಂದಾಗ ಮುರಿಯುವಂತೆಯೂ ಇಲ್ಲ.

ಹೀಗೆ ನೋಡಿದರೆ ಈ ವರ್ಷ ಯಂತ್ರಕ್ಕೂ ಬಡ್ಡಿಗೂ ಹಣ ಹೊಂದಿಸಿದ್ದು ವ್ಯವಹಾರವಲ್ಲ, ಸಾಲ. ಕ್ಯಾಶ್ ಕ್ರೆಡಿಟ್ 80ರಿಂದ 118ಕ್ಕೆ ಹೋಗಿದೆ, ಮಿತಿ 130. ಇನ್ನು 12 ಲಕ್ಷ ಮಾತ್ರ ಎಳೆಯಬಹುದು. ಅದರಲ್ಲಿ ಯಂತ್ರದ 8 ಲಕ್ಷ ಆಗಲೇ ಹೋದಂತೆ. ಆ ಇಬ್ಬರು ವ್ಯಾಪಾರಿಗಳ ಬಾಕಿ ಜೂನ್ ಒಳಗೆ ಬರದಿದ್ದರೆ ಅವರಿಗೆ ಹೊಸ ಲೋಡು ಕಳಿಸಬೇಡಿ ಎಂಬುದು ನನ್ನ ಅಭಿಪ್ರಾಯ. ಅವರ ಖಾತೆಯ ವಿವರ ಬೇರೆ ಹಾಳೆಯಲ್ಲಿ ಲಗತ್ತಿಸಿದ್ದೇನೆ.

ಕಾರ್ಕಳ, 4 ಜೂನ್ 2025
ಲೆಕ್ಕಪತ್ರ ವಿಭಾಗ