ಉಡುಪಿ ಕೈಮಗ್ಗದ ಕಾಟನ್ ಸೀರೆ ಉಡುವುದು ಹೇಗೆ? ನೆರಿಗೆ ಉಬ್ಬದ ಹಾಗೆ, ಅಷ್ಟಮಿ ಮತ್ತು ವಿಟ್ಲಪಿಂಡಿಗೆ

ವಿವರಣೆ

ಕಾಟನ್ ಸೀರೆ ಉಟ್ಟರೆ ದಪ್ಪ ಕಾಣ್ತೇನೆ, ನೆರಿಗೆ ಬಲೂನಿನ ಹಾಗೆ ಉಬ್ಬುತ್ತದೆ ಅಂತ ಉಡದೆ ಬೀರುವಿನಲ್ಲೇ ಇಟ್ಟಿದ್ದೀರಾ? ಈ ವಿಡಿಯೋ ನಿಮಗೇ. ಉಡುಪಿ ಸೀರೆಯನ್ನು ಒಬ್ಬರೇ ನಿಂತು, ಯಾರ ಸಹಾಯವೂ ಇಲ್ಲದೆ ಉಡುವ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ತೋರಿಸಿದ್ದೇನೆ. ಮೊದಲ ಸಲ ಸೀರೆ ಉಡುವ ಕಾಲೇಜು ಹುಡುಗಿಯರಿಗೂ ಅರ್ಥ ಆಗುತ್ತದೆ.

ಬಟ್ಟೆ: ಜಿಐ ಮಾನ್ಯತೆ ಇರುವ ಉಡುಪಿ ಕೈಮಗ್ಗದ ಸೀರೆ, ಶುದ್ಧ ಹತ್ತಿ, ಐದೂವರೆ ಮೀಟರ್. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಇಂಥ ಸೀರೆ ನೇಯುತ್ತಾರೆ. ಹಗುರ, ಬೆವರು ಹೀರುತ್ತದೆ, ನಮ್ಮ ಕರಾವಳಿಯ ಸೆಕೆಗೆ ಇದಕ್ಕಿಂತ ಒಳ್ಳೆಯ ಸೀರೆ ಇಲ್ಲ ಅಂತ ನಾನು ಗಟ್ಟಿಯಾಗಿ ಹೇಳ್ತೇನೆ. ಬೇರೆ ಕಾಟನ್ ಸೀರೆಗೂ ಇದೇ ಕ್ರಮ ಸಾಕು. ರೇಷ್ಮೆ ಸೀರೆಗೆ ಬೇಡ, ಅದರ ನೆರಿಗೆ ಬೇರೆ ಥರ ಕೂರುತ್ತದೆ.

ಸಂದರ್ಭ: ಕೃಷ್ಣಾಷ್ಟಮಿ, ವಿಟ್ಲಪಿಂಡಿ. ರಥಬೀದಿಯ ಜನಜಂಗುಳಿಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕು, ನಡುನಡುವೆ ಮಳೆ ಬೇರೆ. ಅದಕ್ಕೇ ಸೀರೆಯ ಅಂಚು ಹಿಮ್ಮಡಿಗಿಂತ ಎರಡು ಬೆರಳು ಮೇಲೆ ಇರಲಿ, ಕೆಸರು ಹಿಡಿಯುವುದಿಲ್ಲ. ನಾಮಕರಣ, ನವರಾತ್ರಿ, ಆಫೀಸಿಗೂ ಹೀಗೇ ಉಡಬಹುದು, ಆಗ ಅಂಚು ಸ್ವಲ್ಪ ಕೆಳಗೆ ಬಿಟ್ಟರಾಯಿತು.

ಯಾವ ಭಾಗ ಎಲ್ಲಿದೆ

0:00 ಉಟ್ಟ ಮೇಲೆ ಹೇಗೆ ಕಾಣುತ್ತದೆ
0:35 ಕಾಟನ್ ಸೀರೆಗೆ ಗಂಜಿ ಹಾಕುವುದು, ಇಸ್ತ್ರಿ ಮಾಡುವುದು
2:10 ಲಂಗ, ಚಪ್ಪಲಿ, ಪಿನ್
3:00 ಮೊದಲ ಸುತ್ತು
3:50 ಸೆರಗು ಮಡಚಿ ಭುಜಕ್ಕೆ ಪಿನ್ ಹಾಕುವುದು
5:40 ಸೊಂಟದ ನೆರಿಗೆ ಹಿಡಿಯುವುದು (ಇದನ್ನು ಮಾತ್ರ ಬಿಡಬೇಡಿ)
8:05 ಉಬ್ಬಿದ ನೆರಿಗೆ ಕೂರಿಸುವುದು
9:00 ಜನಜಂಗುಳಿಗೆ ಸೆರಗು ಸಿಕ್ಕಿಸುವುದು, ಮಲ್ಲಿಗೆ ಮುಡಿಯುವುದು

ಬರೆದುಕೊಳ್ಳುವವರಿಗೆ

ಗಂಜಿ ತೆಳುವಾಗಿರಲಿ. ದಪ್ಪ ಗಂಜಿ ಹಾಕಿದರೆ ಸೀರೆ ರಟ್ಟಿನ ಹಾಗೆ ನಿಲ್ಲುತ್ತದೆ, ಉಬ್ಬುವುದಕ್ಕೆ ಅರ್ಧ ಕಾರಣ ಅದೇ. ತಿಳಿ ಬಣ್ಣದ ಸೀರೆಗೆ ಬೆಳ್ತಿಗೆ ಅಕ್ಕಿಯ ಗಂಜಿ ಬಳಸಿ, ಕೆಂಪು ಕುಚ್ಚಲಕ್ಕಿಯ ಗಂಜಿಯಲ್ಲಿ ಬಣ್ಣ ಇರುತ್ತದೆ ಅಲ್ವಾ. ಪೂರ್ತಿ ಒಣಗುವ ಮೊದಲೇ, ಸ್ವಲ್ಪ ಹಸಿ ಇರುವಾಗ ಇಸ್ತ್ರಿ ಮಾಡಿ.

ಲಂಗ ಕಾಟನ್ನಿನದೇ ಆಗಲಿ, ಸ್ಯಾಟಿನ್ ಲಂಗದ ಮೇಲೆ ಸೀರೆ ಜಾರುತ್ತದೆ. ಲಾಡಿ ಬಿಗಿಯಾಗಿ ಕಟ್ಟಿ. ಚಪ್ಪಲಿ ಮೊದಲೇ ಹಾಕಿಕೊಳ್ಳಿ, ಇಲ್ಲದಿದ್ದರೆ ಉದ್ದ ತಪ್ಪುತ್ತದೆ.

ಹೊಕ್ಕುಳಿನ ಬಲಕ್ಕೆ ಸಿಕ್ಕಿಸಿ ಶುರು ಮಾಡಿ. ಎಡಗಡೆಯಿಂದ ಹಿಂದೆ ಹೋಗಿ ಬಲಗಡೆಯಿಂದ ಮುಂದೆ ಬಂದು ಒಂದು ಸುತ್ತು. ಆಮೇಲೆ ಸೆರಗು ಮಡಚಿ ಎಡ ಭುಜಕ್ಕೆ ಹಾಕಿ, ಹಿಂದೆ ಮೊಣಕಾಲಿನವರೆಗೆ ಬರಲಿ. ಪಿನ್ನಿಗೆ ಮೊದಲು ಒಂದು ಸಣ್ಣ ಮಣಿ ಪೋಣಿಸಿ ಸುರುಳಿಯ ಕಡೆಗೆ ತಳ್ಳಿ, ಆಮೇಲೆ ಸೀರೆಗೆ ಚುಚ್ಚಿ. ಆ ಸುರುಳಿಗೆ ನೂಲು ಸಿಕ್ಕಿದರೆ ಎಳೆ ಬರುತ್ತದೆ, ಕೈಮಗ್ಗದ ಸೀರೆಯಲ್ಲಿ ಅದು ಎದ್ದು ಕಾಣುತ್ತದೆ. ಯಾರೋ ಇಡೀ ದಿನ ಕೂತು ನೇಯ್ದ ಬಟ್ಟೆ, ಒಂದು ಮಣಿಯಿಂದ ಉಳಿಯುತ್ತದೆ ಅಂದರೆ ಹಾಕಿ ಮಾರಾಯ್ರೆ.

ಈಗ ನೆರಿಗೆ. ರೇಷ್ಮೆಗೆ ಹಿಡಿಯುವ ಹಾಗೆ ಸಣ್ಣ ಸಣ್ಣ ನೆರಿಗೆ ಎಂಟೊಂಬತ್ತು ಹಿಡಿಯಬೇಡಿ. ಅಗಲ ನೆರಿಗೆ ಐದು ಸಾಕು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕೈ ಚಾಚಿದರೆ ಎಷ್ಟು ಅಗಲವೋ ಅಷ್ಟು. ಎಲ್ಲ ಅಂಚುಗಳನ್ನೂ ಕೆಳಗೆ ಸಮ ಮಾಡಿ, ಪಾದದಿಂದ ಮೇಲಕ್ಕೆ ಎರಡು ಅಂಗೈಗಳ ನಡುವೆ ಒತ್ತುತ್ತಾ ಬನ್ನಿ, ಸೊಂಟದ ಹತ್ತಿರ ಒಂದು ಪಿನ್ ಹಾಕಿ ಎಡಕ್ಕೆ ಮುಖ ಮಾಡಿ ಸಿಕ್ಕಿಸಿ. ಆಮೇಲೂ ಉಬ್ಬಿದರೆ ಕೈಗೆ ಸ್ವಲ್ಪ ನೀರು ಮುಟ್ಟಿಸಿಕೊಂಡು ನೆರಿಗೆಯ ಮೇಲೆ ಸವರಿ, ಒಂದು ನಿಮಿಷ ಅಲುಗಾಡದೆ ನಿಲ್ಲಿ. ಸುಮ್ನೆ ಜಾಸ್ತಿ ಪಿನ್ ಹಾಕಬೇಡಿ, ಬಟ್ಟೆ ಇನ್ನೂ ಉಬ್ಬುತ್ತದೆ.

ಮೊಸರುಕುಡಿಕೆ ನೋಡಲು ಹೋಗುವವರು ಸೆರಗಿನ ತುದಿಯನ್ನು ಬಲಗಡೆಯಿಂದ ಮುಂದೆ ತಂದು ಸೊಂಟಕ್ಕೆ ಸಿಕ್ಕಿಸಿ. ಯಾರ ಕಾಲಿಗೂ ಸಿಗುವುದಿಲ್ಲ, ಮಗುವನ್ನು ಎತ್ತಿಕೊಳ್ಳಲೂ ಸುಲಭ.

ಥಂಬ್‌ನೇಲ್ ಬರಹ: ಕಾಟನ್ ಸೀರೆ ಉಬ್ಬುತ್ತದಾ? ಐದೇ ನೆರಿಗೆ ಹಿಡಿಯಿರಿ!

ಟ್ಯಾಗ್‌ಗಳು: ಸೀರೆ ಉಡುವುದು ಹೇಗೆ, ಸೀರೆ ಉಡುವ ವಿಧಾನ, ಕಾಟನ್ ಸೀರೆ ನೆರಿಗೆ, ಸೀರೆ ನೆರಿಗೆ ಹಿಡಿಯುವುದು, ಸೆರಗು ಪಿನ್ ಮಾಡುವುದು, ಉಡುಪಿ ಸೀರೆ, ಕೈಮಗ್ಗದ ಸೀರೆ, ಹ್ಯಾಂಡ್‌ಲೂಮ್ ಸೀರೆ, ಅಷ್ಟಮಿ ಸೀರೆ, ಹಬ್ಬಕ್ಕೆ ಸೀರೆ, ಮೊದಲ ಸಲ ಸೀರೆ, ಸೀರೆ ಡ್ರೇಪಿಂಗ್ ಕನ್ನಡ, ಸೀರೆಗೆ ಗಂಜಿ ಹಾಕುವುದು, ಸಪೂರ ಕಾಣುವ ಹಾಗೆ ಸೀರೆ

#ಉಡುಪಿಸೀರೆ #ಕಾಟನ್‌ಸೀರೆ #ವಿಟ್ಲಪಿಂಡಿ